ಹಳದಿ ಪುಸ್ತಕ, ಪೋಸ್ಟ್‌ಕಾರ್ಡ್ ಮತ್ತು ಐನೂರು ರೂಪಾಯಿ

ಮಂಗಳೂರಿನಲ್ಲಿ ನಾನು ಬಿ.ಕಾಂ. ಓದುತ್ತಿದ್ದಾಗ ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದವರು ಸುಧೀರ ಮತ್ತು ದಿನೇಶ. ಇಬ್ಬರೂ ಒಂದೇ ಊರಿನವರು, ಹೈಸ್ಕೂಲಿನಿಂದ ಒಂದೇ ಬೆಂಚಿನವರು. ಓದುವ ವಿಷಯದಲ್ಲಿ ಮಾತ್ರ ಹಾವು ಮುಂಗುಸಿ.

ಸುಧೀರ ಹೈಲೈಟರ್‌ನವನು. ಮುಖ್ಯವಾದ ಸಾಲಿಗೆ ಹಳದಿ ಬಳಿಯುತ್ತೇನೆ ಎಂದು ಶುರುಮಾಡುತ್ತಿದ್ದ. ಎರಡನೇ ಪುಟ ಬರುವಷ್ಟರಲ್ಲಿ ಯಾವ ಸಾಲೂ ಅಮುಖ್ಯವಲ್ಲ ಎಂಬ ಜ್ಞಾನೋದಯವಾಗುತ್ತಿತ್ತು. ತೆಳು ಕಾಗದದ ಪಠ್ಯಪುಸ್ತಕವಾದ್ದರಿಂದ ಹಳದಿ ಹಿಂಬದಿಗೂ ಇಳಿದು, ಇನ್ನೂ ಓದದ ಪುಟವನ್ನೂ ಅರ್ಧ ಓದಿದಂತೆ ಮಾಡುತ್ತಿತ್ತು.

ದಿನೇಶ ಸಾರಾಂಶದವನು. ಮೂವತ್ತು ಪುಟವನ್ನು ಹತ್ತಕ್ಕೆ ಇಳಿಸುವನು, ಹತ್ತನ್ನು ಎರಡಕ್ಕೆ, ಎರಡನ್ನು ಒಂದು ಪೋಸ್ಟ್‌ಕಾರ್ಡಿಗೆ. ಅಷ್ಟು ಹೊತ್ತಿಗೆ ಅಕ್ಷರ ಇರುವೆಯ ಗಾತ್ರ, ವಾಕ್ಯಗಳಿಗೆ ಕ್ರಿಯಾಪದವೇ ಇಲ್ಲ.

ಮರುದಿನ ವ್ಯವಹಾರ ಕಾನೂನಿನ ಪರೀಕ್ಷೆ. 1872ರ ಭಾರತೀಯ ಕರಾರು ಕಾಯ್ದೆ. ಆ ರಾತ್ರಿ ಗುಡುಗಿನೊಂದಿಗೆ ಮಳೆ ಸುರಿದು ಕರೆಂಟು ಹೋಯಿತು. ಮೊಬೈಲ್ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಬೆಂಕಿಪೊಟ್ಟಣ ಕೇಳಲು ನಾನು ಅವರ ಕೋಣೆಗೆ ಹೋದರೆ, ಸುಧೀರ ಮೇಣದಬತ್ತಿಯ ಮುಂದೆ ಪುಸ್ತಕ ಹಿಡಿದು ಕಂಗಾಲಾಗಿ ಕುಳಿತಿದ್ದ.

"ಬಳಿದದ್ದೆಲ್ಲ ಎಲ್ಲಿ ಹೋಯಿತು ಮಾರಾಯ?"

ನಿಜಕ್ಕೂ ಹೋಗಿತ್ತು. ಹೈಲೈಟರ್‌ನ ಹಳದಿ ಹೊಳೆಯಬೇಕಾದರೆ ಬೆಳಕಿನಲ್ಲಿ ನೀಲಿಯ ಅಂಶ ಬೇಕು, ಮೇಣದಬತ್ತಿಯಲ್ಲಿ ಅದು ತೀರಾ ಕಡಿಮೆ. ಆ ಬೆಳಕಿನಲ್ಲಿ ಬಿಳಿ ಕಾಗದವೇ ಹಳದಿ. ಎರಡು ವಾರದ ದುಡಿಮೆ ಮಾಯವಾಗಿ ಪುಸ್ತಕ ಅಂಗಡಿಯಿಂದ ಆಗ ತಂದಂತಿತ್ತು.

ದಿನೇಶನಿಗೆ ನಗು ತಡೆಯಲಾಗಲಿಲ್ಲ. ಪೋಸ್ಟ್‌ಕಾರ್ಡನ್ನು ಬತ್ತಿಗೆ ಹಿಡಿದು ಗಂಭೀರವಾಗಿ ಓದಿದ: "ಸೆಕ್ಷನ್ 25. ಪ್ರತಿಫಲ ಇಲ್ಲ, ಕರಾರು ಇಲ್ಲ. 3 ಬಿಟ್ಟು."

"ಯಾವ ಮೂರು?" ಎಂದೆ.

ಅವನು ಕಾರ್ಡಿನ ಹಿಂಬದಿ ನೋಡಿದ. ಅಲ್ಲಿ ಸೆಕ್ಷನ್ 56 ಇತ್ತು. ಕಾನೂನಿನ ಪುಸ್ತಕದಲ್ಲಿ ಪರೀಕ್ಷೆಗೆ ಬರುವುದೇ "ಆದರೆ"ಯ ನಂತರದ ಭಾಗ, ಸಾರಾಂಶದಲ್ಲಿ ಮೊದಲು ಉದುರುವುದೂ ಅದೇ.

ಪುಸ್ತಕ ಮುಚ್ಚಿಸಿ ಕೇಳಿದೆ: "ಬಿದ್ದುಹೋದ ನನ್ನ ಪರ್ಸನ್ನು ನೀನು ತಂದುಕೊಟ್ಟೆ. ಆಮೇಲೆ ನಾನು ಐವತ್ತು ರೂಪಾಯಿ ಕೊಡುತ್ತೇನೆ ಎಂದೆ. ಕೊಡಲೇಬೇಕೇ?" ಇದು ಕಾಯ್ದೆಯಲ್ಲೇ ಇರುವ ಉದಾಹರಣೆ. ಇಬ್ಬರೂ ಕಣ್ಣು ಮುಚ್ಚಿ ತಡಕಾಡಿದರು, ಜಗಳವಾಡಿದರು, ಕೊನೆಗೆ ಹೊರತೆಗೆದರು: ಕೊಡಬೇಕು. ತಾನಾಗಿ ಮಾಡಿದ ಉಪಕಾರಕ್ಕೆ ಆಮೇಲೆ ಕೊಟ್ಟ ಮಾತು ಕರಾರೇ. ತಂದೆ ಮಗನಿಗೆ ಪ್ರೀತಿಯಿಂದ ಕೊಟ್ಟ ಮಾತು ಬರಹದಲ್ಲಿದ್ದು ನೋಂದಣಿಯಾಗಿದ್ದರೆ ಅದೂ ನಿಲ್ಲುತ್ತದೆ ಎಂದು ಸುಧೀರನಿಗೆ ನೆನಪಾಯಿತು. ಬತ್ತಿ ಅರ್ಧ ಕರಗುವಷ್ಟರಲ್ಲಿ ಅವರು ಕಲಿತದ್ದು ಎರಡು ವಾರಕ್ಕಿಂತ ಹೆಚ್ಚು.

ಇದು ನನ್ನ ಬಡಾಯಿಯಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದಕ್ಕೂ ಸಾರಾಂಶ ಬರೆಯುವುದಕ್ಕೂ ಸಿಕ್ಕಿದ್ದು ಕೆಳಗಿನ ದರ್ಜೆ. ಚೆನ್ನಾಗಿ ಸಾರಾಂಶ ಬರೆಯಬಲ್ಲವರಿಗೆ ಅದರಿಂದ ಲಾಭವುಂಟು, ಆದರೆ ಆ ಕಲೆಯನ್ನೇ ಮೊದಲು ಕಲಿಯಬೇಕು ಎಂದರು. ಮೇಲಿನ ದರ್ಜೆಯಲ್ಲಿದ್ದವು ಎರಡೇ: ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು ಮತ್ತು ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು. ಪರೀಕ್ಷೆಯ ಹಿಂದಿನ ರಾತ್ರಿ ಎರಡನೆಯದಕ್ಕೆ ಅವಕಾಶವಿಲ್ಲ ಎಂಬುದು ಬೇರೆ ಮಾತು.

ಮೂರನೇ ವಿನಾಯಿತಿಯನ್ನು ನೆನಪಿಸಿಕೊಂಡವನು ದಿನೇಶ, ಅದೂ ಎದ್ದು ನಿಂತು. "ವಾಯಿದೆ ಮೀರಿದ ಸಾಲ! ತೀರಿಸುತ್ತೇನೆ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರು!" ಹಾಗೆಂದು ಸುಧೀರನತ್ತ ತಿರುಗಿದ. "ಎಂಟನೇ ಕ್ಲಾಸಿನಲ್ಲಿ ಬ್ಯಾಟು ಕೊಳ್ಳಲು ನನ್ನಿಂದ ಐನೂರು ರೂಪಾಯಿ ತೆಗೆದುಕೊಂಡಿದ್ದೆ. ಮೂರು ವರ್ಷದ ವಾಯಿದೆ ಮುಗಿದಿದೆ. ಈಗ ಬರೆದುಕೊಡು." ಕಾಗದವನ್ನೂ ಮುಂದಿಟ್ಟ.

ಸುಧೀರ ಪೆನ್ನು ಕೈಗೆತ್ತಿಕೊಂಡು ತಡೆದ. ಮುಖ ಅರಳಿತು.

"ಸೆಕ್ಷನ್ 11. ಆಗ ನಾನು ಅಪ್ರಾಪ್ತ ವಯಸ್ಕ. ನನ್ನ ಕರಾರು ಹುಟ್ಟಲೇ ಇಲ್ಲ. ದೊಡ್ಡವನಾದ ಮೇಲೆ ಒಪ್ಪಿಕೊಂಡರೂ ಅದಕ್ಕೆ ಜೀವ ಬಾರದು. 1903, ಮೊಹೊರಿ ಬೀಬಿ ಪ್ರಕರಣ."

ನಾನು ಬೆರಗಾದೆ. ಇಡೀ ಪುಸ್ತಕದಲ್ಲಿ ಇದೊಂದು ಹೇಗೆ ಇಷ್ಟು ಸ್ಪಷ್ಟವಾಗಿ ನೆನಪಿದೆ ಎಂದು ಕೇಳಿದೆ.

"ಆ ಪುಟಕ್ಕೆ ಬಂದಾಗ ಹೈಲೈಟರ್ ಒಣಗಿಹೋಗಿತ್ತು. ಅಂಗಡಿ ಮುಚ್ಚಿತ್ತು. ಪುಸ್ತಕದಲ್ಲಿ ಬಿಳಿಯಾಗಿ ಉಳಿದದ್ದು ಅದೊಂದೇ. ತಿರುವಿದಾಗಲೆಲ್ಲ ಕಣ್ಣಿಗೆ ಹೊಡೆಯುತ್ತಿತ್ತು."

ದಿನೇಶ ಪೋಸ್ಟ್‌ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. ಸೆಕ್ಷನ್ 11 ಎರಡೂ ಬದಿಯಲ್ಲಿರಲಿಲ್ಲ. ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಐನೂರು ರೂಪಾಯಿ ಮಾತ್ರ ಇಂದಿಗೂ ಬಂದಿಲ್ಲ.