ಪ್ರೆಸ್ ನೋಟ್ ಚೆನ್ನಾಗಿದೆ, ಸುದ್ದಿ ಎಲ್ಲಿದೆ?

ನಮ್ಮ ಚಿಕ್ಕಮಗಳೂರಿನಲ್ಲಿ ಈಗ ತೋಟದವರ ಮನೆಗೊಂದು ಕಾಫಿ ಬ್ರ್ಯಾಂಡ್ ಹುಟ್ಟುತ್ತಿದೆ. ಒಳ್ಳೆಯದೇ. ಆದರೆ ಪೊಟ್ಟಣ ಕೈಗೆ ಬಂದ ಮರುದಿನವೇ ಒಂದು ಪ್ರೆಸ್ ನೋಟ್ ಬರೆಸಿ, ಸಿಕ್ಕ ಪತ್ರಕರ್ತರಿಗೆಲ್ಲ ಒಂದೇ ಸಲಕ್ಕೆ ಕಳಿಸಿ, ಆಮೇಲೆ 'ಪೇಪರಿನವರಿಗೆ ನಾವು ಕಾಣೋದೇ ಇಲ್ಲ' ಎಂದು ಬೈಯುವುದೂ ನಡೆಯುತ್ತಿದೆ. ಬಹಳ ವರ್ಷ ವಾಣಿಜ್ಯ ಪುಟದ ಡೆಸ್ಕಿನಲ್ಲಿ ಕೂತು ಬಂದವನಾಗಿ ಹೇಳುತ್ತೇನೆ, ಅವರಿಗೆ ನೀವು ಚೆನ್ನಾಗಿಯೇ ಕಾಣುತ್ತೀರಿ. ನಿಮ್ಮ ಮೇಲ್‌ನಲ್ಲಿ ಬರೆಯುವಂಥದ್ದು ಏನಿದೆ ಎನ್ನುವುದು ಕಾಣುವುದಿಲ್ಲ, ಅಷ್ಟೆ.

ಮೊನ್ನೆ ಆಲ್ದೂರಿನ ಕಡೆಯ ಒಬ್ಬ ಹುಡುಗಿ, ಗೆಳೆಯನ ತಂಗಿ, ತನ್ನ ಪ್ರೆಸ್ ನೋಟ್ ತೋರಿಸಿದಳು. ಡ್ರಿಪ್ ಬ್ಯಾಗ್ ಕಾಫಿ ಮಾಡಿದ್ದಾಳೆ. ಎರಡು ಕಿವಿಯ ಕಾಗದದ ಫಿಲ್ಟರ್ ಚೀಲ, ಒಳಗೆ ಹತ್ತು ಗ್ರಾಂ ಪುಡಿ. ಲೋಟದ ಅಂಚಿಗೆ ಸಿಕ್ಕಿಸಿ ಬಿಸಿನೀರು ಹೊಯ್ದರೆ ಆಯಿತು. ಹತ್ತು ಚೀಲದ ಡಬ್ಬಿಗೆ 300 ರೂಪಾಯಿ. ನೋಟ್‌ನ ಮೊದಲ ಸಾಲಿನಲ್ಲೇ 'ದೇಶದಲ್ಲೇ ಮೊದಲ ಬಾರಿಗೆ' ಅಂತ ಇತ್ತು. ಬೆಂಗಳೂರಿನ ಯಾವುದೇ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಡ್ರಿಪ್ ಬ್ಯಾಗ್ ಸಿಗುತ್ತದೆ. ವಾಣಿಜ್ಯ ವರದಿಗಾರನಿಗೆ ಅದು ಗೊತ್ತಿರುತ್ತದೆ. ಮೊದಲ ಸಾಲು ಸುಳ್ಳು ಎಂದಾದ ಮೇಲೆ ಎರಡನೆಯದನ್ನು ಅವನೇಕೆ ಓದುತ್ತಾನೆ?

'ಹಾಗಾದ್ರೆ ಏನು ಬರೀಲಿ ಅಣ್ಣ? ಬೇರೆ ಹೊಸದು ಏನೂ ಇಲ್ಲವಲ್ಲ' ಎಂದಳು.

ನಾನು ಕೇಳಿದ್ದು ಇಷ್ಟೆ: 'ಪಾರ್ಚ್‌ಮೆಂಟಿಗೆ ಇಷ್ಟು ರೇಟು ಇರುವಾಗ ಸುಮ್ಮನೆ ಕ್ಯೂರಿಂಗ್‌ನವರಿಗೆ ಕೊಟ್ಟು ದುಡ್ಡು ಎಣಿಸೋದು ಬಿಟ್ಟು, ನಿನಗ್ಯಾಕಮ್ಮ ಈ ಉಸಾಬರಿ?'

ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಹೊಟ್ಟು ಇನ್ನೂ ಇರುವ ಕಾಫಿ ಬೀಜ. ಆ ಹೊಟ್ಟು ತೆಗೆದು ಹಸನು ಮಾಡುವವರು ಕ್ಯೂರಿಂಗ್‌ನವರು. ನನ್ನ ಪ್ರಶ್ನೆಗೆ ಅವಳು ಕೊಟ್ಟ ಉತ್ತರದಲ್ಲಿ ಸುದ್ದಿ ಇತ್ತು. ಅವಳ ಲೆಕ್ಕವನ್ನೇ ಇಲ್ಲಿ ಹಾಕುತ್ತೇನೆ, ಅವಳು ಒಪ್ಪಿದ್ದಾಳೆ. ಒಂದು ಕಿಲೋ ಹುರಿದ ಕಾಫಿಗೆ ಸುಮಾರು ಒಂದೂವರೆ ಕಿಲೋ ಪಾರ್ಚ್‌ಮೆಂಟ್ ಬೇಕು, ಹೊಟ್ಟು ತೆಗೆಯುವಾಗ ಒಂದಷ್ಟು, ಹುರಿಯುವಾಗ ಒಂದಷ್ಟು ತೂಕ ಹೋಗುತ್ತದೆ. ಅದನ್ನು ಹಾಗೇ ಮಾರಿದ್ದರೆ ಅವಳಿಗೆ ಸಿಗುತ್ತಿದ್ದದ್ದು 750 ರೂಪಾಯಿ. ಅದೇ ಕಿಲೋದಿಂದ ನೂರು ಚೀಲ, ಅಂದರೆ ಡಬ್ಬಿಯ ಮೇಲಿನ ಬೆಲೆಯಲ್ಲಿ 3,000 ರೂಪಾಯಿ. ಕೇಳಲು ಭರ್ಜರಿ. ಆದರೆ ಚೀಲ, ಡಬ್ಬಿ, ಬೆಂಗಳೂರಿನ ಪ್ಯಾಕಿಂಗ್ ಕೂಲಿ ಸೇರಿ 900, ಆನ್‌ಲೈನ್ ಕಮಿಷನ್ ಮತ್ತು ಕೊರಿಯರ್‌ಗೆ ಇನ್ನೊಂದು 900, ಮೇಲೆ ಹುರಿಯುವ ಖರ್ಚು, ಜಿಎಸ್‌ಟಿ. ಎಲ್ಲ ಕಳೆದರೆ ಪಾರ್ಚ್‌ಮೆಂಟ್ ಮಾರಿದ್ದಕ್ಕಿಂತ ಕಿಲೋಗೆ 200 ರೂಪಾಯಿಯಷ್ಟು ಮಾತ್ರ ಹೆಚ್ಚು. 'ಆದರೂ ಯಾಕೆ ಅಂದರೆ, ಪಾರ್ಚ್‌ಮೆಂಟ್ ರೇಟು ನಾಳೆ ಬೀಳುತ್ತೆ ಅಣ್ಣ, ಡಬ್ಬಿಯ ರೇಟು ಬೀಳಲ್ಲ. ಆವಾಗ ಗಿರಾಕಿ ಹುಡುಕಕ್ಕೆ ಹೊರಟರೆ ಆಗುತ್ತಾ?' ಎಂದಳು.

ದರ ಏರಿದಾಗ ಕಾಯದೆ ಮಾರುವುದು ನಮ್ಮ ಕಡೆಯ ವಾಡಿಕೆ. ಒಬ್ಬಳು ಅದೇ ಹೊತ್ತಿನಲ್ಲಿ ಉಲ್ಟಾ ಹೊರಟಿದ್ದಾಳೆ, ಲಾಭ ತೆಳುವಾಗಿದೆ, ದರದ ಮುಂದಿನ ಇಳಿಕೆಯ ಮೇಲೆ ಪಂದ್ಯ ಕಟ್ಟಿದ್ದಾಳೆ. ವಾಣಿಜ್ಯ ಪುಟಕ್ಕೆ ಬೇಕಾದದ್ದು ಇದು. ಡ್ರಿಪ್ ಬ್ಯಾಗ್ ಇದರಲ್ಲಿ ನೆಪ. ಒಬ್ಬ ವಾಣಿಜ್ಯ ವರದಿಗಾರರಿಗೆ ಮೇಲ್ ಹೀಗೆ ಬರೆದೆವು:

'ವಿಷಯ: ಕಾಫಿಗೆ ದರ ಇರುವಾಗಲೇ ಪಾರ್ಚ್‌ಮೆಂಟ್ ಮಾರದೆ ಡಬ್ಬಿಗೆ ತುಂಬಿದ ಆಲ್ದೂರಿನ ಬೆಳೆಗಾರ್ತಿ.

ನಮಸ್ಕಾರ. ಸಣ್ಣ ಬೆಳೆಗಾರರು ದರ ಏರಿದ ಕೂಡಲೇ ಮಾರುವ ಬಗ್ಗೆ ನೀವು ಬರೆದದ್ದನ್ನು ಓದಿದ್ದೆ. ನಾನು ಇಪ್ಪತ್ತು ಎಕರೆ ತೋಟದವಳು. ಈ ಸಲ ಬೆಳೆಯ ಒಂದು ಪಾಲನ್ನು ಮಾರದೆ ಡ್ರಿಪ್ ಬ್ಯಾಗ್ ಮಾಡಿದ್ದೇನೆ. ಸದ್ಯಕ್ಕೆ ಕಿಲೋಗೆ 200 ರೂಪಾಯಿಯಷ್ಟೇ ಹೆಚ್ಚು ಸಿಗುತ್ತಿದೆ. ದರ ಬಿದ್ದಾಗ ಇದು ಉಳಿಸುತ್ತದೆ ಎಂಬುದು ನನ್ನ ಲೆಕ್ಕ. ಖರ್ಚಿನ ವಿವರ ಕೊಡಬಲ್ಲೆ, ತೋಟ ನೋಡಬಹುದು. ಮುಂದಿನ ಗುರುವಾರದವರೆಗೆ ಇದನ್ನು ಬೇರೆಯವರಿಗೆ ಕಳಿಸುವುದಿಲ್ಲ. ಒಂದು ಪುಟದ ಪ್ರೆಸ್ ನೋಟ್ ಜೊತೆಗಿದೆ.'

ಇಷ್ಟೇ. ಕಂಪನಿಯ ಹೆಸರು, ಡಬ್ಬಿಯ ಬೆಲೆ, ಎಲ್ಲಿ ಸಿಗುತ್ತದೆ, ಇವು ಯಾವುವೂ ಮೇಲ್‌ನಲ್ಲಿ ಇಲ್ಲ. ಅವು ನೋಟ್‌ನಲ್ಲಿವೆ. ಮೇಲ್ ಓದಿ ಬರೆಯಬೇಕೆನಿಸಿದವನು ಆಮೇಲೆ ತಪ್ಪಿಲ್ಲದೆ ಬರೆಯಲಿಕ್ಕೆ ನೋಟ್ ಬೇಕು. ಜನ ಈ ಎರಡನ್ನೂ ಒಂದೇ ಮಾಡಿ, ನೋಟ್‌ನ ಮೊದಲ ಪ್ಯಾರಾವನ್ನೇ ಮೇಲ್‌ಗೆ ಅಂಟಿಸುತ್ತಾರೆ.

ನೋಟ್‌ನಲ್ಲಿ ಉಳಿದದ್ದು: ಊರು, ದಿನಾಂಕ, ಯಾರು ಏನನ್ನು ಯಾವತ್ತಿನಿಂದ ಮಾರುತ್ತಿದ್ದಾರೆ, ತೂಕ, ಬೆಲೆ, ಸಿಗುವ ಜಾಗ, ಹಾಕಿದ ಬಂಡವಾಳ, ಅವಳದೇ ಎರಡು ಸಾಲಿನ ಮಾತು, ಕರೆ ಮಾಡಿದರೆ ಎತ್ತುವವರ ನಂಬರ್. ಅವಳ ಮಾತು ಮೊದಲು 'ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ' ಎಂದಿತ್ತು. ಅದನ್ನು ತೆಗೆದು ಗಿರಾಕಿ ಹುಡುಕುವ ಮೇಲಿನ ಮಾತನ್ನೇ ಇಟ್ಟೆವು.

ಹೊಡೆದು ಹಾಕಿದ್ದರಲ್ಲಿ ಒಂದನ್ನು ಹೇಳಲೇಬೇಕು, ಯಾಕೆಂದರೆ ಇದನ್ನು ಬಹಳ ಜನ ಮಾಡುತ್ತಿದ್ದಾರೆ. 'ಜಿಐ ಮಾನ್ಯತೆ ಪಡೆದ ಚಿಕ್ಕಮಗಳೂರು ಅರೇಬಿಕಾ' ಅಂತ ಅವಳು ಬರೆದಿದ್ದಳು. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು, ಬಂದಿರುವುದು ನಿಜ. ಆದರೆ ಜಿಲ್ಲೆಯಲ್ಲಿ ತೋಟ ಇದ್ದ ಮಾತ್ರಕ್ಕೆ ಆ ಗುರುತು ನಿಮ್ಮ ಡಬ್ಬಿಗೆ ಬರುವುದಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಇವಳು ಮಾಡಿಸಿರಲಿಲ್ಲ. ವರದಿಗಾರ ನೋಂದಣಿ ಕೇಳಿದರೆ ಅಲ್ಲಿಗೆ ಮುಗಿಯಿತು. 'ಆಲ್ದೂರಿನ ನಮ್ಮ ತೋಟದ ಅರೇಬಿಕಾ' ಎಂದರೆ ಸಾಕು, ಅದರಲ್ಲಿ ಸುಳ್ಳಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಡೆಸ್ಕಿನವರ ಶಾಪ ಹೆಚ್ಚು ತಟ್ಟುವುದು ಇದಕ್ಕೇ. ಕನ್ನಡದ ನೋಟ್ ಅನ್ನು ಪಿಡಿಎಫ್ ಮಾಡಿ ಮಾತ್ರ ಕಳಿಸಬೇಡಿ. ಕಾಪಿ ಮಾಡಿದರೆ ಎಷ್ಟೋ ಸಲ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಮೇಲ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಯೂನಿಕೋಡ್‌ನಲ್ಲಿ ಬರೆದು ವರ್ಡ್ ಫೈಲ್ ಹಾಕಿ, ಅದೇ ಪಠ್ಯವನ್ನು ಮೇಲ್‌ನ ಕೆಳಗೂ ಅಂಟಿಸಿ. ಫೋಟೋ ಬೇರೆ ಫೈಲ್ ಆಗಿರಲಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಅಚ್ಚಿನಲ್ಲಿ ಮಸುಕಾಗುತ್ತದೆ. ಚಿತ್ರದಲ್ಲಿ ಯಾರಿದ್ದಾರೆ ಎಂದು ಬರೆಯುವುದನ್ನೂ ಮರೆಯಬೇಡಿ.

ಮೇಲ್ ಹೋದದ್ದು ಬೆಳಿಗ್ಗೆ. ಪುಟ ಕಟ್ಟುವ ಸಂಜೆ ಹೊತ್ತಿಗೆ ಫೋನ್ ಮಾಡಿ 'ನೋಡಿದ್ರಾ ಸರ್' ಎನ್ನುವುದು ಬೇಡವೆಂದು ಹೇಳಿದ್ದೆ. ಮಾರನೇ ದಿನ ವರದಿಗಾರರೇ ಕರೆ ಮಾಡಿ ಮೊದಲು ಕೇಳಿದ್ದು, ಇಲ್ಲಿಯವರೆಗೆ ಎಷ್ಟು ಡಬ್ಬಿ ಹೋಗಿದೆ, ಅದರಲ್ಲಿ ನಂಟರು ಕೊಂಡದ್ದೆಷ್ಟು ಎಂದು! ಇವಳು ಎರಡಕ್ಕೂ ನಿಜ ಹೇಳಿದಳು. ಅಚ್ಚಾಗುವ ಮೊದಲು ಒಮ್ಮೆ ತೋರಿಸಿ ಅಂತ ಕೇಳಲಿಲ್ಲ. ಅದು ಜಾಹೀರಾತು ಕೊಟ್ಟವರು ಕೇಳುವ ಮಾತು.

ವರದಿ ಬಂತು. ತಲೆಬರಹದಲ್ಲೇ ಆ 200 ರೂಪಾಯಿ. ಅವಳ ಅಪ್ಪನಿಗೆ ಸಿಟ್ಟು, 'ನಮ್ಮ ಲಾಭ ಊರಿಗೆಲ್ಲ ಯಾಕೆ ಸಾರಿದೆ' ಅಂತ. ಡಬ್ಬಿಯ ಬಣ್ಣದ ಚಿತ್ರ ಬಂದಿಲ್ಲ, ಬ್ರ್ಯಾಂಡಿನ ಹೆಸರು ಮೂರನೇ ಪ್ಯಾರಾದಲ್ಲಿ ಒಂದೇ ಸಲ. ಇಷ್ಟಕ್ಕೆ ಸಿದ್ಧರಿಲ್ಲದವರು ಜಾಹೀರಾತು ವಿಭಾಗಕ್ಕೆ ಹೋಗುವುದೇ ಮೇಲು, ಅಲ್ಲಿ ನೀವು ಹೇಳಿದ್ದೇ ಅಚ್ಚಾಗುತ್ತದೆ. ಗುರುವಾರ ಕಳೆದ ಮೇಲೆ ಇದೇ ನೋಟ್ ಅನ್ನು ಜಿಲ್ಲಾ ವರದಿಗಾರರಿಗೂ ಕಳಿಸಿದ್ದಾಳೆ. ಅವರಿಗೆ ಲಾಭದ ಲೆಕ್ಕ ಬೇಕಿಲ್ಲ. ಯಾವ ಊರು, ಯಾರ ಮಗಳು ಅಂತ ಕೇಳಿದ್ದಾರಂತೆ.