ವ್ಯೂಸ್ ಬಿತ್ತು ಅಂತ ಭಾವ ಬೈದ, ಆದ್ರೆ ಗಂಟೆ ಏರಿದ್ದನ್ನು ನೋಡಲೇ ಇಲ್ಲ

ಮೊನ್ನೆ ಒಂದು ಗೃಹಪ್ರವೇಶದಲ್ಲಿ, ಊಟದ ಎಲೆ ಮುಂದೆ ಕೂತಿದ್ದಾಗಲೇ, ಭಾವ ಫೋನ್ ತೆಗೆದು ಮುಖಕ್ಕೆ ಹಿಡಿದ. "ಏನು ಮಾರಾಯ, ಟೈಟಲ್ ಬದಲಾಯಿಸಿ ಚಿಕ್ಕಪ್ಪನ ಯೂಟ್ಯೂಬ್ ಚಾನೆಲ್ ಹಾಳು ಮಾಡಿದ್ಯಲ್ಲ? ತಿಂಗಳಿಗೆ ಐದು ಸಾವಿರ ಜನ ಹುಡುಕಿಕೊಂಡು ಬರ್ತಿದ್ರು, ಈಗ ಎರಡು ಸಾವಿರ ಕೂಡ ಇಲ್ಲ." ಪಕ್ಕದಲ್ಲಿ ಕೂತವರೆಲ್ಲ ನನ್ನನ್ನೇ ನೋಡಿದರು. ಸಾರು ಬಂತು ಅಂತ ಸುಮ್ಮನಾದೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ನಿಮಗೆ ಗೊತ್ತಲ್ಲ, ಚಿಕ್ಕಪ್ಪನ ತೋಟದ ವಿಡಿಯೋಗಳನ್ನು ಬೆಂಗಳೂರಲ್ಲಿ ಕೂತು ಎಡಿಟ್ ಮಾಡೋದು ನಾನೇ. ಅವರ ಹನ್ನೆರಡು ನಿಮಿಷದ ಒಂದು ವಿಡಿಯೋ ಇದೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದರ ಬಗ್ಗೆ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಲ್ಲಿ ಕರಗಿಸಿ ಬೆರೆಸುವುದು. ಆಮೇಲೆ ಕತ್ತಿ ಅದ್ದಿ ನೋಡುವುದು. ಅಲಗು ಕೆಂಪಾದರೆ ಸುಣ್ಣ ಸಾಲದು. ಇದಕ್ಕೆ ಇದ್ದ ಟೈಟಲ್ ಏನು ಗೊತ್ತಾ? "ಅಡಿಕೆ ತೋಟದಿಂದ ಲಕ್ಷ ಆದಾಯ, ಇವತ್ತಿನ ಅಡಿಕೆ ರೇಟ್ ಮತ್ತು ಔಷಧಿ". ಯಾವ ಮೂರ್ಖ ಬರೆದದ್ದು ಅಂತ ಕೇಳಬೇಡಿ. ನಾನೇ. ರೇಟ್ ಅಂತ ಹಾಕಿದರೆ ಜನ ಬರ್ತಾರೆ ಅಂತ ಒಬ್ಬರು ಹೇಳಿದ್ದರು, ನಂಬಿ ಡಿಸ್ಕ್ರಿಪ್ಷನ್ನಿನಲ್ಲೂ ನಾಲ್ಕು ಸಲ ತುರುಕಿದ್ದೆ.

ಜನ ಬಂದರು, ಸುಳ್ಳಲ್ಲ. ಮೇ ತಿಂಗಳ 28 ದಿನದ ಲೆಕ್ಕ ಹೇಳ್ತೇನೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಟ್ರಾಫಿಕ್ ಸೋರ್ಸ್, ಅಂದರೆ ಜನ ಎಲ್ಲಿಂದ ಬಂದರು ಅನ್ನೋ ಪಟ್ಟಿ ತೆಗೆದು ನೋಡಿದರೆ ಸರ್ಚ್‌ನಿಂದ 5,000 ವ್ಯೂಸ್, ಬ್ರೌಸ್‌ನಿಂದ ಅಂದರೆ ಮುಖ್ಯವಾಗಿ ಹೋಮ್ ಪೇಜಿನಿಂದ 1,800, ಸಜೆಸ್ಟೆಡ್‌ನಿಂದ ಅಂದರೆ ಬೇರೆ ವಿಡಿಯೋಗಳ ಪಕ್ಕದಲ್ಲಿ ಕಂಡು ಒತ್ತಿದವರಿಂದ 1,200. ಭಾವನ ಕಣ್ಣು ಇಲ್ಲಿಗೇ ನಿಲ್ಲುತ್ತದೆ. ಪಕ್ಕದ ಕಾಲಂನಲ್ಲಿ ವಾಚ್ ಟೈಮ್ ಇದೆಯಲ್ಲ? ಸರ್ಚ್ 75 ಗಂಟೆ, ಬ್ರೌಸ್ 96, ಸಜೆಸ್ಟೆಡ್ 90. ಗಂಟೆಯನ್ನು ನಿಮಿಷ ಮಾಡಿ ವ್ಯೂಸ್‌ನಿಂದ ಭಾಗಿಸಿ. ಸರ್ಚ್‌ನಿಂದ ಬಂದವನು ಸರಾಸರಿ 54 ಸೆಕೆಂಡ್ ನೋಡಿದ. ಬ್ರೌಸ್‌ನವನು 3 ನಿಮಿಷ 12 ಸೆಕೆಂಡ್, ಸಜೆಸ್ಟೆಡ್‌ನವನು ನಾಲ್ಕೂವರೆ ನಿಮಿಷ. ಮೂರನ್ನೂ ಕಲಸಿದರೆ ಸುಮಾರು ಎರಡು ನಿಮಿಷ ಬರುತ್ತದೆ, ನೋಡಿದವರಿಗೆ ಯಾವ ರೋಗವೂ ಕಾಣುವುದಿಲ್ಲ. ನಾನೂ ಎಷ್ಟೋ ದಿನ ಆ ಎರಡು ನಿಮಿಷವನ್ನೇ ನೋಡಿಕೊಂಡು ಖುಷಿಯಾಗಿದ್ದೆ.

ಭಾವ ಇಲ್ಲಿ ಒಂದು ಮಾತು ಹೇಳಬಹುದು: ಹುಡುಕಿಕೊಂಡು ಬಂದವರು ಕಡಿಮೆ ನೋಡುವುದು ಮಾಮೂಲು, ಬೇಕಾದದ್ದು ಸಿಕ್ಕಿದ ಕೂಡಲೇ ಹೋಗ್ತಾರೆ ಅಂತ. ಸರಿ ಸ್ವಾಮಿ, ಒಪ್ಪಿದೆ. ಆದ್ರೆ ನಮ್ಮ ವಿಡಿಯೋದಲ್ಲಿ ಸುಣ್ಣದ ಅಳತೆ ಬರುವುದೇ ಮೂರನೇ ನಿಮಿಷಕ್ಕೆ. 54 ಸೆಕೆಂಡಿಗೆ ಚಿಕ್ಕಪ್ಪ ಇನ್ನೂ ಡ್ರಮ್ಮು ತೊಳೀತಿರ್ತಾರೆ. ಉತ್ತರ ಸಿಕ್ಕಿ ಹೋದವನೂ, ಅಯ್ಯೋ ಇದು ನನಗೆ ಬೇಕಾದದ್ದಲ್ಲ ಅಂತ ಹೋದವನೂ ಒಂದೇನಾ?

ಯಾರು ಯಾರು ಅಂತ ತಿಳಿಯಲು `YouTube search` ಸಾಲಿನ ಮೇಲೆ ಒತ್ತಬೇಕು. ಜನ ಟೈಪ್ ಮಾಡಿದ ಪದಗಳು ಬಿಚ್ಚಿಕೊಳ್ಳುತ್ತವೆ, ಪ್ರತಿ ಪದಕ್ಕೂ ಬೇರೆ ಬೇರೆ ವಾಚ್ ಟೈಮ್. `adike rate today` ಅಂತ ಹೊಡೆದು ಬಂದವರು 3,100, ಸರಾಸರಿ 24 ಸೆಕೆಂಡ್. "ಬೋರ್ಡೋ ದ್ರಾವಣ" ಅಂತ ಹುಡುಕಿದವರು ಬರೀ 600, ಆದ್ರೆ ಸರಾಸರಿ 4 ನಿಮಿಷ 10 ಸೆಕೆಂಡ್. ಲೆಕ್ಕ ಹಾಕಿ ನೋಡಿ. ಸರ್ಚ್‌ನಿಂದ ಬಂದ 75 ಗಂಟೆಯಲ್ಲಿ 41 ಗಂಟೆಗೂ ಜಾಸ್ತಿ ಈ ಆರುನೂರು ಜನರದ್ದು. ಉಳಿದ 4,400 ಜನರಲ್ಲಿ ಹೆಚ್ಚಿನವರು ರೇಟ್ ಕೇಳಲು ಬಂದು, ಮೈಲುತುತ್ತ ನೋಡಿ, ನಮ್ಮನ್ನು ಬೈದುಕೊಂಡು ಹೋದವರು. ಬೇರೆಯವರ ಮನೆ ಮದುವೆಗೆ ತಪ್ಪಿ ಬಂದವರ ಹಾಗೆ. ಅವರನ್ನು ಸೇರಿಸಿಕೊಂಡು "ಐದು ಸಾವಿರ ಎಲೆ ಎದ್ದಿದೆ" ಅಂತ ಹೇಳಿಕೊಂಡರೆ ಆಯ್ತಾ?

ಜೂನ್‌ನಲ್ಲಿ ಟೈಟಲ್ ಬದಲಾಯಿಸಿದೆ: "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರಿಗೆ ಸುಣ್ಣ ಎಷ್ಟು?" ಡಿಸ್ಕ್ರಿಪ್ಷನ್ನಿನಿಂದ ರೇಟ್ ಕಿತ್ತು ಹಾಕಿದೆ. ಟ್ಯಾಗ್ ಮುಟ್ಟಲಿಲ್ಲ, ಅದರಿಂದ ಆಗುವುದು ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ಮುಂದಿನ 28 ದಿನಕ್ಕೆ ಸರ್ಚ್‌ನಿಂದ 1,700 ವ್ಯೂಸ್, 102 ಗಂಟೆ. ತಲೆಗೆ 3 ನಿಮಿಷ 36 ಸೆಕೆಂಡ್. ಜನ ಮೂರರಲ್ಲಿ ಒಂದು ಪಾಲಾದರು, ಗಂಟೆ 75ರಿಂದ 102 ಆಯ್ತು. ಭಾವ ಕಂಡದ್ದು ಮೊದಲಿನದು ಮಾತ್ರ.

ಈಗ ನನ್ನ ಮೇಲೇ ಒಂದು ಅನುಮಾನ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ನೀವು ಹಾಕ್ತೀರಿ. ಜೂನ್ ಅಂದರೆ ಮಳೆ, ಮದ್ದು ಹೊಡೆಯುವ ಕಾಲ. ಬೋರ್ಡೋ ಹುಡುಕುವವರು ಹೇಗಿದ್ದರೂ ಜಾಸ್ತಿ ಆಗ್ತಾರೆ. ಗಂಟೆ ಏರಿದ್ದರಲ್ಲಿ ಮಳೆಯ ಪಾಲೆಷ್ಟು, ಟೈಟಲ್‌ನ ಪಾಲೆಷ್ಟು? ಅದಕ್ಕೇ ಒಟ್ಟು ಗಂಟೆ ಬಿಟ್ಟು ಒಂದೇ ಸಾಲನ್ನು ಹಿಡಿದು ನೋಡಿದೆ. "ಬೋರ್ಡೋ ದ್ರಾವಣ" ಸಾಲಿನಲ್ಲಿ ಮೇನಲ್ಲಿ 4:10 ಇತ್ತು, ಜೂನ್‌ನಲ್ಲಿ 4:20. ಹೆಚ್ಚುಕಮ್ಮಿ ಅಷ್ಟೇ. ವಿಡಿಯೋ ಅದೇ, ಸರಿಯಾದ ಜನ ನೋಡುವ ರೀತಿಯೂ ಅದೇ. ಬದಲಾದದ್ದು ಬಾಗಿಲಿಗೆ ಬಂದವರು. ರೇಟ್ ಸಾಲು 3,100ರಿಂದ ನೂರಕ್ಕಿಂತ ಕೆಳಗೆ ಇಳಿದಿತ್ತು. ಅದು ಮಳೆ ಮಾಡಿದ ಕೆಲಸ ಅಲ್ಲ.

ಹಾಗಾದ್ರೆ ಸಜೆಸ್ಟೆಡ್‌ನ ನಾಲ್ಕೂವರೆ ನಿಮಿಷ ಬಹಳ ಚೆನ್ನಾಗಿದೆಯಲ್ಲ ಅಂತ ನಾನೂ ಮೊದಲು ಬೀಗಿದ್ದೆ. ಒಳಗೆ ಹೋಗಿ ಯಾವ ವಿಡಿಯೋ ಪಕ್ಕದಿಂದ ಬಂದರು ಅಂತ ನೋಡಿದರೆ, ಮುಕ್ಕಾಲು ಪಾಲು ಚಿಕ್ಕಪ್ಪನ ಬೇರೆ ವಿಡಿಯೋಗಳಿಂದಲೇ! ಅಂದರೆ ಆಗಲೇ ಚಿಕ್ಕಪ್ಪನ ಮಾತು ಕೇಳುತ್ತಾ ಕೂತಿದ್ದವರು. ಅವರಿಗೆ ಟೈಟಲ್ "ಹನ್ನೆರಡು ನಿಮಿಷ ಸುಮ್ನೆ ಕೂರಿ" ಅಂತ ಇದ್ದರೂ ನೋಡ್ತಿದ್ದರು. ಆ ಅಂಕಿ ನನ್ನ ಟೈಟಲ್, ಡಿಸ್ಕ್ರಿಪ್ಷನ್ನಿಗೆ ಸಿಕ್ಕ ಸರ್ಟಿಫಿಕೇಟ್ ಅಲ್ಲ. ಹೊರಗಿನ ಚಾನೆಲ್‌ಗಳ ಪಕ್ಕದಿಂದ ಬಂದವರ ಸಾಲುಗಳನ್ನಷ್ಟೇ ಬೇರೆ ತೆಗೆದರೆ ಎರಡು ನಿಮಿಷವೂ ಇರಲಿಲ್ಲ, ಅದರಲ್ಲೂ ಮೇನಲ್ಲಿ ಪಕ್ಕದಲ್ಲಿದ್ದದ್ದು ಹೆಚ್ಚಾಗಿ ಮಾರುಕಟ್ಟೆ ಧಾರಣೆಯ ವಿಡಿಯೋಗಳು. ನಾನು ಟೈಟಲ್‌ನಲ್ಲಿ ಏನು ಬಿತ್ತಿದ್ದೆನೋ ಅದೇ ಪಕ್ಕದಲ್ಲಿ ಮೊಳೆತಿತ್ತು.

ಬ್ರೌಸ್ ವಿಷಯದಲ್ಲಿ ಭಾವ ಬೈದಿದ್ದರೆ ತಲೆ ತಗ್ಗಿಸಿ ಕೇಳ್ತಿದ್ದೆ. ಅವನಿಗೆ ಅದು ಕಾಣಲೇ ಇಲ್ಲ. ಜೂನ್‌ನಲ್ಲಿ ಬ್ರೌಸ್‌ನವರು 3:12ರಿಂದ 2:10ಕ್ಕೆ ಇಳಿದರು. ಹೋಮ್ ಪೇಜಿನಲ್ಲಿ ಯಾರೂ ಏನೂ ಟೈಪ್ ಮಾಡಿರುವುದಿಲ್ಲ, ಬೆರಳಾಡಿಸುವಾಗ ಚಿತ್ರ ಕಂಡು ಒತ್ತುತ್ತಾರೆ. ನಾನು ಟೈಟಲ್ ಬದಲಾಯಿಸಿದೆ, ಥಂಬ್‌ನೇಲ್ ಹಾಗೇ ಬಿಟ್ಟೆ. ಅದರಲ್ಲಿ ಇನ್ನೂ ಅಂಗಳದ ತುಂಬ ಕೆಂಪಡಿಕೆ ರಾಶಿ, ಮೂಲೆಯಲ್ಲಿ ನೋಟಿನ ಕಂತೆ. ಚಿತ್ರ ದುಡ್ಡು ಅನ್ನುತ್ತೆ, ಅಕ್ಷರ ಸುಣ್ಣ ಅನ್ನುತ್ತೆ. ದುಡ್ಡು ನೋಡಿ ಬಂದವನಿಗೆ ಡ್ರಮ್ಮು ತೊಳೆಯುವುದನ್ನು ತೋರಿಸಿದರೆ ಎಷ್ಟು ಹೊತ್ತು ಕೂರ್ತಾನೆ?

ಕಂತೆ ತೆಗೀತೀನಿ ಅಂದದ್ದಕ್ಕೆ ಚಿಕ್ಕಮ್ಮನಿಗೆ ಬೇಜಾರು, ಆ ಫೋಟೋ ಅವರೇ ತೆಗೆದದ್ದು. ಚಿಕ್ಕಪ್ಪನಿಗೆ ಫೋನ್ ಮಾಡಿ, ದ್ರಾವಣದಲ್ಲಿ ಅದ್ದಿ ಕೆಂಪಾದ ಕತ್ತಿಯದೊಂದು ಫೋಟೋ ಕಳಿಸಿ ಅಂದೆ. "ಕೆಂಪಾಗಬೇಕಾದರೆ ಸುಣ್ಣ ಕಡಿಮೆ ಹಾಕ್ಬೇಕಲ್ಲೋ, ನಿನ್ನ ಫೋಟೋಗೋಸ್ಕರ ನೂರು ಲೀಟರ್ ಕೆಡಿಸ್ಲಾ?" ಅಂದರು. ಬಕೆಟ್ಟಲ್ಲಿ ಒಂದು ಲೀಟರ್ ಮಾಡಿ ಸಾಕು ಅಂತ ಒಪ್ಪಿಸಿದ್ದೇನೆ.