ಇರುವೆಯ ಅಮ್ಮನೂ ದೇವರ ಪೆಟ್ಟಿಗೆಯೂ

ಫೆಬ್ರವರಿ ತಿಂಗಳು, ರೊಬಸ್ಟಾ ಕೊಯ್ಲು. ಸುಂಟಿಕೊಪ್ಪ ಕಡೆಯ ನಮ್ಮ ತೋಟ ಚಿಕ್ಕದು. ಆದರೆ ಅವತ್ತು ಅದರೊಳಗೆ ಮಲಯಾಳ, ತಮಿಳು, ತುಳು, ಕನ್ನಡ ಎಲ್ಲಾ ಇದ್ದವು. ನಾನೂ ಯಜಮಾನಿಕೆ ತೋರಿಸೋಣ ಅಂತ ಒಂದು ರೆಂಬೆ ಬಗ್ಗಿಸಿದೆ. ಎಲೆ ಹೊಲಿದು ಗೂಡು ಕಟ್ಟುತ್ತದಲ್ಲ, ಆ ಕೆಂಪಿರುವೆ. ಇಡೀ ಗೂಡೇ ಸಾಲಿನ ಮೇಲೆ ಉದುರಿತು. ಇವಕ್ಕೆ ಚುಚ್ಚುವ ಕೊಂಡಿ ಇಲ್ಲ. ಮೊದಲು ಕಚ್ಚುತ್ತವೆ, ಆಮೇಲೆ ಕಚ್ಚಿದ ಜಾಗಕ್ಕೆ ಆಮ್ಲ ಬಿಡುತ್ತವೆ. ಉಪ್ಪು ಖಾರ ಎರಡೂ ಹಾಕಿದ ಹಾಗೆ.

ಪಕ್ಕದ ಗಿಡದಿಂದ "ಅಯ್ಯೋ, ಎಂಡಮ್ಮೋ" ಅಂತ ಮಲಯಾಳ ಕೇಳಿತು. ಅದರಾಚೆ "ಐಯೋ ಅಮ್ಮಾ" ಅಂತ ತಮಿಳು. ತುಳುವಿನವರು "ಅಪ್ಪೇ" ಅಂದರು. ಅವರ ಅಪ್ಪೆ ಅಂದರೆ ನಮ್ಮ ಅಪ್ಪ ಅಲ್ಲ, ತಾಯಿಯೇ. ಒಟ್ಟಿನಲ್ಲಿ ಎಲ್ಲರೂ ಅಮ್ಮನನ್ನು ಕರೆಯುತ್ತಿದ್ದರು. ನಾನೂ ಕರೆದೆ. ಆದರೆ ಇರುವೆಯ ಅಮ್ಮನನ್ನು.

"ನಿನ್ನಮ್ಮನ!"

ತೋಟ ಗಪ್ ಚುಪ್. ಅಷ್ಟು ಹೊತ್ತಿಗೆ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಅಮ್ಮ ಬಂದಿದ್ದರು, ಜೊತೆಗೆ ಏಳು ವರ್ಷದ ಮಗಳು. ಮಗಳು ಕೇಳಿದಳು: "ಅಪ್ಪಾ, ಇರುವೆ ಅಮ್ಮ ಏನು ಮಾಡಿದ್ಲು?"

ರಾತ್ರಿ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಯೋಚನೆ ಮಾಡಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ನೆನಪಿದೆ ತಾನೆ? ಅಮ್ಮಾ ಅಂತ ಎಳೆದರೆ ಸಂಬೋಧನೆ. ದೇವಸ್ಥಾನದಲ್ಲೂ ಅನ್ನಬಹುದು, ಹಲ್ಲು ಕೀಳಿಸುವಾಗಲೂ ಅನ್ನಬಹುದು. ಹಿಂದೆ 'ನಿನ್ನ' ಸೇರಿಸಿ ಅಮ್ಮನ ಅಂತ ಷಷ್ಠಿಗೆ ಹೋದರೆ ಮಾತ್ರ ಮನೆ ಬಿಟ್ಟು ಹೋಗಬೇಕಾಗುತ್ತದೆ. ತಮಾಷೆ ಅಂದರೆ ನಾನು ವಾಕ್ಯವನ್ನು ಮುಗಿಸಿಯೇ ಇರಲಿಲ್ಲ. ಅಮ್ಮನ ಏನು ಅಂತ ಹೇಳಿಲ್ಲ. ಉಳಿದದ್ದನ್ನು ಕೇಳಿದವರೇ ತುಂಬಿಕೊಂಡರು. ತಪ್ಪು ಯಾರದ್ದು ಹೇಳಿ? ಈ ವಾದವನ್ನು ಅಮ್ಮನ ಮುಂದೆ ಇಟ್ಟೆ. ನಡೆಯಲಿಲ್ಲ.

ಇನ್ನೊಂದು ವಿಷಯವೂ ಗೊತ್ತಾಯಿತು. 2024ರಲ್ಲಿ ಕೆಲವು ಭಾಷಾ ಸಂಶೋಧಕರು 131 ಭಾಷೆಗಳ ಉದ್ಗಾರಗಳನ್ನು ಹೋಲಿಸಿ ನೋಡಿದ್ದರು. ನೋವಿನ ಉದ್ಗಾರಗಳಲ್ಲಿ ಬಾಯಿ ಅಗಲಿಸಿ ಹೇಳುವ 'ಆ', ಮತ್ತೆ 'ಐ', 'ಔ' ಥರದ ಸ್ವರಗಳೇ ಜಾಸ್ತಿಯಂತೆ. ನಮ್ಮ ಅಯ್ಯೋ, ಇಂಗ್ಲಿಷಿನ ಔಚ್, ಫ್ರೆಂಚಿನ ಆಯ್ ಎಲ್ಲಾ ಒಂದೇ ಅಚ್ಚು. ಖುಷಿಗೆ, ಹೇಸಿಗೆಗೆ ಆಡುವ ಪದಗಳಲ್ಲಿ ಈ ಹೋಲಿಕೆ ಸಿಗಲಿಲ್ಲವಂತೆ. ಅಂದರೆ ಮೊದಲ ಸದ್ದು ದೇಹದ್ದು. ಎರಡನೆಯ ಮಾತು ಮಾತ್ರ ಊರಿನದ್ದು. ಮಾನ ಹೋಗುವುದು ಆ ಎರಡನೆಯದರಿಂದಲೇ.

ಹಾಗಂತ ಅಯ್ಯೋ ಕೂಡ ನಮ್ಮ ಮನೆಯಲ್ಲಿ ಪೂರ್ತಿ ಕ್ಷೇಮವಲ್ಲ. ಮುಸ್ಸಂಜೆಯಲ್ಲಿ ಅನ್ನುವ ಹಾಗಿಲ್ಲ. ಆಗ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನೀನು ಅಯ್ಯೋ ಅಂದರೆ ಅವರು ಅಸ್ತು ಅಂದುಬಿಡುತ್ತಾರೆ ಅನ್ನುವುದು ಅಮ್ಮನ ಕಾನೂನು.

ಮಾರನೇ ದಿನದಿಂದ ನಾನು ಸುಧಾರಿಸಿದೆ. ಅಂದರೆ "ನಿನ್ನಜ್ಜಿ" ಅನ್ನಲು ಶುರು ಮಾಡಿದೆ. ಒಂದು ತಲೆಮಾರು ಹಿಂದಕ್ಕೆ ಹೋದರೆ ಬೈಗುಳದ ಖಾರ ಇಳಿಯುತ್ತದೆ. ಇದು ನಮ್ಮ ಉಪಾಯ ಮಾತ್ರ ಅಲ್ಲ. ಫ್ರೆಂಚರು ಹೊಲಸು ಮಾತು ಬಾಯಿಗೆ ಬಂದಾಗ ತಿರುಗಿಸಿ ಬುಧವಾರ ಅನ್ನುತ್ತಾರೆ, ಯಾಕೆಂದರೆ ಎರಡರ ಮೊದಲ ಸದ್ದು ಒಂದೇ. ಇಟಲಿಯವರು ಎಲೆಕೋಸು ಅನ್ನುತ್ತಾರೆ. ರಷ್ಯದವರು ದೋಸೆ ಅನ್ನುತ್ತಾರೆ. ಕಾಲು ಎಡವಿದವನು "ಅಯ್ಯೋ ದೋಸೆ" ಅನ್ನುವುದನ್ನು ಊಹಿಸಿಕೊಳ್ಳಿ. ನಮ್ಮಲ್ಲಾದರೆ ಯಾರಾದರೂ ಒಳಗಿನಿಂದ ಚಟ್ನಿ ತಂದಿಡುತ್ತಿದ್ದರು.

ಆದರೆ ಅಜ್ಜಿ ಮನೆಯಲ್ಲೇ ಇರುವಾಗ ಈ ಉಪಾಯ ಕೆಲಸ ಮಾಡುವುದಿಲ್ಲ. ಮಗಳು ಪೆನ್ಸಿಲ್ ಮುರಿದಾಗ ಅದಕ್ಕೆ "ನಿನ್ನಜ್ಜಿ" ಅಂದಳು. ಅಡುಗೆಮನೆಯಿಂದ ಅಮ್ಮ "ಏನು ಮಗಾ?" ಅಂತ ಬಂದರು.

ನಮ್ಮ ಹಳೇ ಮನೆಯ ಎರಡು ಕೋಣೆ ಹೋಂಸ್ಟೇಗೆ ಕೊಡುತ್ತೇವೆ. ಬಾಗಿಲುಗಳು ಗಿಡ್ಡ. ಆ ತಿಂಗಳ ಕೊನೆಗೆ ಕೆನಡಾದ ಕ್ವಿಬೆಕ್‌ನಿಂದ ಆರಡಿ ಎತ್ತರದ ಒಬ್ಬ ಬಂದ. ಮೊದಲ ದಿನವೇ ಹಣೆ ಬಾಗಿಲ ಪಟ್ಟಿಗೆ ಬಡಿಯಿತು.

"ಆಯ್! ತಬರ್ನಾಕ್!"

ಹೇಳಿದವನೇ ಕೆಂಪಾಗಿ ಅಮ್ಮನ ಕಡೆ ನೋಡಿ ಕೈ ಮುಗಿದ. ಬಹಳ ಕೆಟ್ಟ ಮಾತು, ಕ್ಷಮಿಸಿ ಅಂದ. ಅಮ್ಮನಿಗೆ ಕೆಟ್ಟ ಮಾತು ಅಂದರೆ ಅರ್ಥ ಬೇಕೇ ಬೇಕು. ನಾನು ಕೇಳಿ ತಿಳಿದುಕೊಂಡೆ. ಚರ್ಚಿನಲ್ಲಿ ಪವಿತ್ರ ರೊಟ್ಟಿ ಇಡುವ ಪೆಟ್ಟಿಗೆಗೆ ಆ ಹೆಸರು. ರೊಟ್ಟಿಯ ಹೆಸರೂ ಅಲ್ಲಿ ಬೈಗುಳ, ದ್ರಾಕ್ಷಾರಸದ ಬಟ್ಟಲಿನ ಹೆಸರೂ ಬೈಗುಳ. 1960ರ ದಶಕದವರೆಗೂ ಅಲ್ಲಿ ಶಾಲೆ, ಆಸ್ಪತ್ರೆ ಎಲ್ಲದರ ಮೇಲೂ ಚರ್ಚಿನ ಹಿಡಿತ ಗಟ್ಟಿಯಾಗಿತ್ತು. ಸಿಟ್ಟು ಬಂದವನ ನಾಲಿಗೆ ಸಹಜವಾಗಿ ಅಲ್ಲಿಗೇ ಹೋಯಿತು.

"ದೇವರ ಪೆಟ್ಟಿಗೆ ಅಂದ್ರೆ ಬೈಗುಳವಾ?" ಅಮ್ಮನಿಗೆ ನಂಬಿಕೆ ಬರಲಿಲ್ಲ. ಪಾಪ, ಅವರು ದಿನಕ್ಕೆ ನಲವತ್ತು ಸಲ ಶಿವನೇ, ರಾಮ ರಾಮ ಅನ್ನುವವರು. ನಮ್ಮಲ್ಲಿ ದೇವರ ಹೆಸರು ಹೇಳಿದರೆ ಸಭ್ಯರು. ಇಂಗ್ಲೆಂಡಿನಲ್ಲಿ 1606ರಲ್ಲಿ ನಾಟಕದ ವೇದಿಕೆ ಮೇಲೆ ದೇವರ ಹೆಸರನ್ನು ಹಗುರವಾಗಿ ಆಡಿದರೆ ಹತ್ತು ಪೌಂಡ್ ದಂಡ ಅಂತ ಕಾಯ್ದೆಯೇ ಬಂದಿತ್ತು. ಅಮ್ಮ ಅಲ್ಲಿದ್ದಿದ್ದರೆ ತೋಟ ಮಾರಬೇಕಾಗುತ್ತಿತ್ತು.

ಅತಿಥಿಯೇ ಇನ್ನೊಂದು ಕಥೆ ಹೇಳಿದ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಎಂಬ ಮನಶ್ಶಾಸ್ತ್ರಜ್ಞ 2009ರಲ್ಲಿ ವಿದ್ಯಾರ್ಥಿಗಳ ಕೈಯನ್ನು ಮಂಜಿನಂಥ ನೀರಿನಲ್ಲಿ ಇಡಿಸಿದರಂತೆ. ಒಂದು ಸಲ ಬೈಗುಳ ಹೇಳುತ್ತಾ ಇಡಬೇಕು, ಇನ್ನೊಂದು ಸಲ ಮೇಜನ್ನು ವರ್ಣಿಸುವ ಪದ ಹೇಳುತ್ತಾ ಇಡಬೇಕು. ಬೈದವರು ಹೆಚ್ಚು ಹೊತ್ತು ತಡೆದರು. 2020ರಲ್ಲಿ ಬೈಗುಳದ ಥರ ಕೇಳಿಸುವ ಹೊಸ ಪದಗಳನ್ನು ಕಟ್ಟಿ ಕೊಟ್ಟು ನೋಡಿದರು. ಏನೂ ಪ್ರಯೋಜನವಾಗಲಿಲ್ಲ. ದಿನಾ ಬೈಯುವವರಿಗೆ ನಿಜವಾದ ಬೈಗುಳದ ಉಪಕಾರವೂ ಕಡಿಮೆ ಅಂತ ನಡುವೆ ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು.

ನಾನು ಬಿಡುತ್ತೇನೆಯೇ? ಬಕೆಟ್‌ಗೆ ಫ್ರಿಜ್ಜಿನ ಐಸು ಹಾಕಿದೆ. ಬಾಗಿಲು ಹಾಕಿಕೊಂಡು ಕೈ ಇಟ್ಟೆ. "ಮೇಜು, ಮೇಜು" ಅನ್ನುತ್ತಾ ಐವತ್ತು ಸೆಕೆಂಡ್ ತಡೆದೆ. "ನಿನ್ನಜ್ಜಿ" ಗೆ ಐವತ್ತೆರಡು. ಮೂರನೆಯದನ್ನು, ಅಂದರೆ ಷಷ್ಠಿಯನ್ನು, ಪಿಸುಗುಟ್ಟಿ ಶುರು ಮಾಡಿದೆ. ಒಂದು ನಿಮಿಷ ದಾಟಿತ್ತು, ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಮಗಳ ದನಿ: "ಅಜ್ಜೀ, ಅಪ್ಪ ಬಚ್ಚಲಲ್ಲಿ ಇರುವೆ ಅಮ್ಮನ ಜೊತೆ ಮಾತಾಡ್ತಿದಾರೆ." ಪ್ರಯೋಗ ಅಲ್ಲಿಗೆ ನಿಂತಿತು.

ಅತಿಥಿ ಹೋದ ಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಅಮ್ಮ ಕಡುಬಿನ ಪಾತ್ರೆಯ ಮುಚ್ಚಳ ತೆಗೆದರು. ಹಬೆ ಬೆರಳಿಗೆ ಬಡಿಯಿತು.

"ತಬರ್ನಾಕ್!" ಅಂತ ಕೇಳಿತು. ಒಂದು ಕ್ಷಣ ಬಿಟ್ಟು ಜೋರಾಗಿ, "ಅಯ್ಯೋ ಅಮ್ಮಾ!"

ಓಡಿಹೋಗಿ ಬೆರಳಿಗೆ ನೀರು ಹಾಕಿದೆ. ನೋವು ಕಮ್ಮಿ ಆಯ್ತಾ ಅಂತ ಕೇಳಿದೆ.

"ಆ ದೇವರ ಪೆಟ್ಟಿಗೆಯಿಂದ ಏನೂ ಆಗ್ಲಿಲ್ಲ ಕಣೋ. ಅಯ್ಯೋ ಅಂದ ಮೇಲೇ ಸ್ವಲ್ಪ ತಡ್ಕೊಂಡೆ."

"ಮತ್ತೆ ಮೊದಲೇ ಅಯ್ಯೋ ಅನ್ನಬಹುದಿತ್ತಲ್ಲ ಅಮ್ಮ?"

"ಮುಸ್ಸಂಜೆ ಅಲ್ವಾ," ಅಂದರು ಅಮ್ಮ ಬೆರಳು ಊದಿಕೊಳ್ಳುತ್ತಾ. "ಅಸ್ತು ದೇವತೆಗೆ ಆ ಭಾಷೆ ಬರಲ್ಲ ಅಂತ ನೋಡಿದೆ."